ಬೀಳುವ ಹೊತ್ತಿನಲ್ಲೇ ಮಾರಲು ಬಿಡುವುದಿಲ್ಲವೇಕೆ?

ಪ್ರಶ್ನೆ: ಸೂಚ್ಯಂಕ ಶೇ 10ರಷ್ಟು ಕುಸಿದರೆ ಷೇರುಪೇಟೆ ವಹಿವಾಟನ್ನೇ ನಿಲ್ಲಿಸುತ್ತಾರೆ. ನನ್ನ ಷೇರು ಮಾರಿ ಹೊರಬರಬೇಕಾದ ಹೊತ್ತಿನಲ್ಲೇ ಬಾಗಿಲು ಹಾಕುವುದು ಸರಿಯೇ?

ಉತ್ತರ: ನಿಮ್ಮ ಆತಂಕ ಸಹಜವೇ. ಆದರೆ ಆ ಹೊತ್ತಿನಲ್ಲಿ ಪರದೆಯ ಮೇಲೆ ಕಾಣುವ ಬೆಲೆಗೆ ಕೊಳ್ಳುವವರು ಇರುತ್ತಾರೆಯೇ ಎಂಬುದನ್ನು ಮೊದಲು ನೋಡಬೇಕು.

2020ರ ಮಾರ್ಚ್ 13, ಶುಕ್ರವಾರ. ಕೊರೊನಾ ಭೀತಿ ಜಗತ್ತನ್ನೇ ಹಿಡಿದಿತ್ತು. ಹಿಂದಿನ ದಿನ ನಿಫ್ಟಿ 9,590ರಲ್ಲಿ ಮುಗಿದಿದ್ದರಿಂದ ಶೇ 10ರ ಗಡಿ ಸುಮಾರು 8,631ಕ್ಕೆ ಬಿದ್ದಿತ್ತು. ಪೇಟೆ ತೆರೆದ ಕೆಲವೇ ನಿಮಿಷಗಳಲ್ಲಿ ನಿಫ್ಟಿ ಆ ಗಡಿಯನ್ನೂ ದಾಟಿ ಇಳಿಯಿತು. ಸೆಬಿ ನಿಯಮದಂತೆ ಸೆನ್ಸೆಕ್ಸ್, ನಿಫ್ಟಿಗಳಲ್ಲಿ ಯಾವುದು ಮೊದಲು ಗಡಿ ಮುಟ್ಟಿದರೂ ದೇಶದ ಎಲ್ಲ ಷೇರುಪೇಟೆಗಳೂ ನಿಲ್ಲಬೇಕು. ಮಧ್ಯಾಹ್ನ ಒಂದು ಗಂಟೆಗೆ ಮೊದಲಾದರೆ 45 ನಿಮಿಷದ ಬಿಡುವು.

ಅಂಥ ಕುಸಿತದಲ್ಲಿ ಕೊಳ್ಳುವವರು ತಮ್ಮ ಆರ್ಡರ್‌ಗಳನ್ನು ಹಿಂತೆಗೆದುಕೊಳ್ಳುತ್ತಾರೆ. ‘ಸಿಕ್ಕ ಬೆಲೆಗೆ ಮಾರಿ’ ಎಂಬ ಆರ್ಡರ್ ಬಂದಾಗ ಹತ್ತಿರದ ಬೆಲೆಯಲ್ಲಿ ಯಾರೂ ಇಲ್ಲದೆ ಎಷ್ಟೋ ಕೆಳಗೆ ಹೋಗಿ ನಿಲ್ಲುತ್ತದೆ. ಆ ಬೆಲೆ, ಇಷ್ಟಕ್ಕಿಂತ ಇಳಿದರೆ ತಾನಾಗಿ ಮಾರಾಟವಾಗಲಿ ಎಂದು ಇನ್ನೊಬ್ಬರು ಇಟ್ಟ ಸ್ಟಾಪ್‌ಲಾಸ್ ಮುಟ್ಟಿ ಮತ್ತೊಂದು ಮಾರಾಟ ಹುಟ್ಟಿಸುತ್ತದೆ. ಸಾಲದ ಮೇಲೆ ಕೊಂಡವರು ಹೆಚ್ಚುವರಿ ಮಾರ್ಜಿನ್ ಹಣ ತುಂಬುವ ಮೊದಲೇ ಬ್ರೋಕರ್ ಅವರ ಷೇರುಗಳನ್ನು ಮಾರಿಬಿಡುತ್ತಾರೆ. ಕಂಪನಿಗಳ ಬಗ್ಗೆ ಹೊಸ ಸುದ್ದಿ ಏನೂ ಇಲ್ಲದೆ, ಮಾರಾಟವೇ ಮಾರಾಟವನ್ನು ಎಳೆದು ತರುತ್ತದೆ. ಬಿಡುವು ಕತ್ತರಿಸುವುದು ಈ ಸರಪಳಿಯನ್ನು.

ಬಿಡುವು ಮುಗಿದ ಮೇಲೆ ನೇರವಾಗಿ ವಹಿವಾಟು ಶುರುವಾಗುವುದಿಲ್ಲ. ಹದಿನೈದು ನಿಮಿಷದ ಹರಾಜು ಅವಧಿಯಲ್ಲಿ ಕೊಳ್ಳುವ, ಮಾರುವ ಆರ್ಡರ್‌ಗಳನ್ನೆಲ್ಲ ಒಟ್ಟುಗೂಡಿಸಿ, ಅತಿ ಹೆಚ್ಚು ಷೇರುಗಳು ಕೈಬದಲಾಗಬಲ್ಲ ಒಂದೇ ಬೆಲೆಯನ್ನು ಕಂಡುಕೊಳ್ಳುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ತಿರುಳು ಇದೇ: ಓಡಿಹೋಗಿದ್ದ ಖರೀದಿದಾರರು ಮರಳಿ ಬಂದು ಸೇರುವುದು ಇಲ್ಲಿಯೇ. ಅಂದು ನಿಫ್ಟಿ ಚೇತರಿಸಿಕೊಂಡು ಹಿಂದಿನ ದಿನಕ್ಕಿಂತಲೂ ಮೇಲೆ, 9,955ರಲ್ಲಿ ಮುಗಿಯಿತು. ಬೆಳಿಗ್ಗೆ ಗಾಬರಿಯಲ್ಲಿ ಮಾರಿದವರ ನಷ್ಟ ಮಾತ್ರ ಹಾಗೆಯೇ ಉಳಿಯಿತು.

ಬಿಡುವು ಕುಸಿತವನ್ನೇ ತಡೆಯುತ್ತದೆ ಎಂದುಕೊಳ್ಳಬೇಡಿ. ಹತ್ತೇ ದಿನಗಳ ನಂತರ, ಮಾರ್ಚ್ 23ರಂದು, ಮತ್ತೆ 45 ನಿಮಿಷ ನಿಲ್ಲಿಸಿದರೂ ಸೆನ್ಸೆಕ್ಸ್ ಶೇ 13ಕ್ಕೂ ಹೆಚ್ಚು ಇಳಿದೇ ಮುಗಿಯಿತು. ಆ ಕುಸಿತಕ್ಕೆ ನಿಜವಾದ ಕಾರಣವಿತ್ತು.

ಗಡಿಗಳನ್ನು ತಪ್ಪು ಜಾಗದಲ್ಲಿ ಇಟ್ಟರೆ ಕೇಡೂ ಆಗುತ್ತದೆ. 2016ರ ಜನವರಿಯಲ್ಲಿ ಚೀನಾ ಶೇ 5ಕ್ಕೆ ಹದಿನೈದು ನಿಮಿಷದ ಬಿಡುವು, ಶೇ 7ಕ್ಕೆ ಇಡೀ ದಿನದ ಮುಕ್ತಾಯ ಎಂದು ನಿಯಮ ತಂದಿತು. ಬಿಡುವು ಮುಗಿದೊಡನೆ, ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಹೊರಬರಬೇಕೆಂದು ಎಲ್ಲರೂ ಮುಗಿಬಿದ್ದರು. ಜನವರಿ 7ರಂದು ಅರ್ಧ ಗಂಟೆಯೂ ವಹಿವಾಟು ನಡೆಯಲಿಲ್ಲ. ಮರುದಿನವೇ ನಿಯಮವನ್ನು ಅಮಾನತಿನಲ್ಲಿಟ್ಟರು. ನಮ್ಮಲ್ಲಿ ಗಡಿಗಳು ಶೇ 10, 15 ಮತ್ತು 20. ದಿನದ ಯಾವ ಹೊತ್ತಿನಲ್ಲಾದರೂ ಪೇಟೆಯನ್ನು ಅಂದಿಗೆ ಮುಚ್ಚಿಸುವುದು ಶೇ 20ರ ಗಡಿ ಮಾತ್ರ. ಶೇ 15 ಮುಟ್ಟಿ ದಿನ ಮುಗಿಯುವುದು ಮಧ್ಯಾಹ್ನ ಎರಡರ ನಂತರವಾದರೆ ಅಷ್ಟೇ.