ಇನ್ವರ್ಟರ್ ಎಷ್ಟು ಹೊತ್ತು ನಡೆಯುತ್ತದೆ: ಫೋಟೊ ಮತ್ತು ಚೀಟಿಯಿಂದ ಲೆಕ್ಕ

ಚಳ್ಳಕೆರೆಯ ಸೋದರತ್ತೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಫೋಟೊ ಕಳಿಸಿ, "ಕರೆಂಟು ಹೋದರೆ ಎಷ್ಟು ತಾಸು ಬರುತ್ತದೆ, ನೋಡಿ ಹೇಳಪ್ಪ" ಎಂದರು. ಒಂದು ಇನ್ವರ್ಟರ್‌ನ ಹಿಂಬದಿಯ ಫಲಕ. ಇನ್ನೊಂದು ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದ ಪಟ್ಟಿ. ಐಟಿಐ ಎಲೆಕ್ಟ್ರಿಷಿಯನ್ ಓದುತ್ತಿರುವವರಿಗೆ ಉಪಯೋಗವಾದೀತೆಂದು ಆ ಲೆಕ್ಕವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಫಲಕದಲ್ಲಿ 900 ವಿಎ, 12 ವೋಲ್ಟ್ ಡಿಸಿ, 230 ವೋಲ್ಟ್ ಎಂದಿತ್ತು. ಫ್ಲ್ಯಾಶ್ ಬೆಳಕು ಬಿದ್ದು 12 ಎನ್ನುವುದು 24ರಂತೆಯೂ ಕಾಣುತ್ತಿತ್ತು. ಬ್ಯಾಟರಿ ಒಂದೇ ಇದೆಯೇ ಎಂದು ಕೇಳಿದರೆ ಅನುಮಾನ ತೀರುತ್ತದೆ. ಮನೆಯಲ್ಲಿ ಬಳಸುವ ಬ್ಯಾಟರಿ ಒಂದೇ ಇದ್ದರೆ ಅದು 12 ವೋಲ್ಟ್. ಪವರ್ ಫ್ಯಾಕ್ಟರ್ ಬರೆದಿರಲಿಲ್ಲ, ಹಾಗಾಗಿ 0.8 ಹಿಡಿದೆ: 900 ವಿಎ ಎಂದರೆ ಸುಮಾರು 720 ವ್ಯಾಟ್. ಈ ಅಂಕಿ ಒಮ್ಮೆಗೆ ಎಷ್ಟು ಹೊರೆ ಎಳೆಯಬಹುದು ಎಂದಷ್ಟೇ ಹೇಳುತ್ತದೆ. ಎಷ್ಟು ಹೊತ್ತು ಎನ್ನುವುದು ಇನ್ವರ್ಟರ್ ಫಲಕದ ಯಾವ ಮೂಲೆಯಲ್ಲೂ ಇರುವುದಿಲ್ಲ. ಅದಕ್ಕೆ ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ಬೇಕೇ ಬೇಕು. ಮತ್ತೆ ಕೇಳಿ ತರಿಸಿಕೊಂಡೆ: 150 ಎಎಚ್, ಸಿ20, ಟ್ಯೂಬುಲರ್.

ಪಟ್ಟಿಯಲ್ಲಿ "ಫ್ಯಾನ್ 3, ಟ್ಯೂಬ್ 2, ಟಿವಿ, ವೈಫೈ, ಮಿಕ್ಸಿ 500, ಫ್ರಿಡ್ಜ್ 250" ಎಂದಿತ್ತು. ಆ 250 ವ್ಯಾಟ್ ಅಲ್ಲ, ಲೀಟರ್! ಬಾಗಿಲ ಮೇಲೆ ಕಂಡ ಅಂಕಿಯನ್ನೇ ಅತ್ತೆ ಬರೆದುಕೊಟ್ಟಿದ್ದರು. ಫ್ರಿಡ್ಜಿನ ಮೋಟರ್ ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಆದ್ದರಿಂದ ಅದನ್ನು ಇನ್ವರ್ಟರ್ ಲೈನಿಗೆ ಕೊಡದಿರುವುದೇ ಲೇಸು. ಮಿಕ್ಸಿಯನ್ನೂ ಹೊಡೆದುಹಾಕಿದೆ, ಉಳಿದೆಲ್ಲ ನಡೆಯುತ್ತಿರುವಾಗ ಅದನ್ನು ತಿರುಗಿಸಿದರೆ 720 ದಾಟಿ ಓವರ್‌ಲೋಡ್ ಆಗುತ್ತದೆ. ಉಳಿದದ್ದು: ಸಾಮಾನ್ಯ ಫ್ಯಾನ್ 75ರಂತೆ 225, ಎಲ್‌ಇಡಿ ಟ್ಯೂಬ್ 20ರಂತೆ 40, ಟಿವಿ 55, ವೈಫೈ 10. ಒಟ್ಟು 330 ವ್ಯಾಟ್.

ಇನ್ನು ತಲೆ ತಿನ್ನುವ ಭಾಗ. ಎಲ್ಲರೂ ಮಾಡುವ ಲೆಕ್ಕ ಇದು: 12 × 150 = 1800, ಅದನ್ನು 330ರಿಂದ ಭಾಗಿಸಿದರೆ ಸುಮಾರು ಐದೂವರೆ ಗಂಟೆ. ನಿಜವಾಗಿ ಅಷ್ಟು ಬರುವುದಿಲ್ಲ. ಮೊದಲ ಸೋರಿಕೆ ಇನ್ವರ್ಟರ್‌ನದು. ಡಿಸಿಯನ್ನು ಎಸಿ ಮಾಡುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ದಕ್ಷತೆ 0.85 ಹಿಡಿದರೆ ಬ್ಯಾಟರಿ ಕೊಡಬೇಕಾದದ್ದು 388 ವ್ಯಾಟ್, ಅಂದರೆ ಸುಮಾರು 32 ಆಂಪಿಯರ್.

ಎರಡನೆಯ ಸೋರಿಕೆ ಆ ಸಿ20 ಎಂಬ ಪುಟ್ಟ ಅಕ್ಷರದಲ್ಲಿ ಅಡಗಿದೆ. 150 ಎಎಚ್ ಸಿಗುವುದು 20 ಗಂಟೆಗಳ ಕಾಲ ನಿಧಾನವಾಗಿ, ಗಂಟೆಗೆ 7.5 ಎಎಚ್‌ನಂತೆ, ಅಂದರೆ 7.5 ಆಂಪಿಯರ್‌ನಲ್ಲಿ ಎಳೆದಾಗ ಮಾತ್ರ. ನಾವು ಎಳೆಯುತ್ತಿರುವುದು 32. ಹಾಗೆ ಜೋರಾಗಿ ಎಳೆದಾಗ ಪ್ಲೇಟಿನ ಒಳಪದರಕ್ಕೆ ಆಮ್ಲ ಇಳಿಯುವಷ್ಟರಲ್ಲಿ ವೋಲ್ಟೇಜ್ ಕುಸಿದು, ಇನ್ವರ್ಟರ್ "ಲೋ ಬ್ಯಾಟರಿ" ಎಂದು ಕೂಗಿ ನಿಂತುಬಿಡುತ್ತದೆ. ಇದಕ್ಕೆ ಜರ್ಮನಿಯ ಪ್ಯೂಕರ್ಟ್ 1897ರಲ್ಲಿ ಕೊಟ್ಟ ಸೂತ್ರವಿದೆ:

```
t = 20 × (C / (20 × I))^k
```

C ಎಂದರೆ 150, I ಎಂದರೆ 32.3, k ಬ್ಯಾಟರಿಯಿಂದ ಬ್ಯಾಟರಿಗೆ ಬದಲಾಗುತ್ತದೆ, ಸೀಸ-ಆಮ್ಲಕ್ಕೆ 1.2 ಹಿಡಿದೆ. ಆವರಣದೊಳಗಿನದು 0.232, ಅದನ್ನು 1.2ರ ಘಾತಕ್ಕೆ ಏರಿಸಿದರೆ 0.173, 20ರಿಂದ ಗುಣಿಸಿದರೆ ಸುಮಾರು ಮೂರೂವರೆ ಗಂಟೆ. ಬ್ಯಾಟರಿ ನಿಜವಾಗಿ ಕೊಟ್ಟದ್ದು ಸುಮಾರು 112 ಎಎಚ್. ಕಟ್‌ಆಫ್‌ವರೆಗಿನ ಲೆಕ್ಕ ಇಲ್ಲಿಗೇ ಮುಗಿಯಿತು. ಇದರ ಮೇಲೆ ಅಭ್ಯಾಸಬಲದಿಂದ ಮತ್ತೆ 0.8 ಗುಣಿಸಬೇಡಿ. ಬ್ಯಾಟರಿ ಹಳೆಯದಾಗಿದ್ದರೆ ಮಾತ್ರ ಗುಣಿಸಿ, ಆಗ ಮೂರು ಗಂಟೆಯೊಳಗೇ.

ಇದೇ ಸೂತ್ರದಿಂದ ನನಗೆ ತುಂಬಾ ಹಿಡಿಸಿದ್ದೊಂದು ಹೊರಬರುತ್ತದೆ. ರಾತ್ರಿ ಎರಡು ಫ್ಯಾನ್, ವೈಫೈ ಮಾತ್ರ ಎಂದರೆ 160 ವ್ಯಾಟ್, ಸುಮಾರು 15.7 ಆಂಪಿಯರ್. ಹೊರೆ ಅರ್ಧವಾಯಿತು, ಸಮಯವೂ ದುಪ್ಪಟ್ಟು ಅಂದರೆ ಏಳು ಗಂಟೆಯಾಗಬೇಕಲ್ಲವೇ? ಲೆಕ್ಕದಲ್ಲಿ ಎಂಟು ದಾಟುತ್ತದೆ. ಕಡಿಮೆ ಹೊರೆಯಲ್ಲಿ ಇನ್ವರ್ಟರ್‌ನ ದಕ್ಷತೆ ಇಳಿಯುವುದರಿಂದ ನಾನು ಏಳೂವರೆ ಎಂದು ಹೇಳಿದೆ. ಬೇಸಿಗೆಯಲ್ಲಿ ಟಿವಿ ಆರಿಸಿ ಮಲಗಿದರೆ ಬೆಳಗಿನವರೆಗೆ ಫ್ಯಾನ್ ತಿರುಗುತ್ತದೆ.

ಇದೆಲ್ಲ ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ. 15 ಆಂಪಿಯರ್ ಚಾರ್ಜರ್‌ಗೆ ಆ 112 ಎಎಚ್ ಮರಳಿ ತುಂಬಲು ಲೆಕ್ಕಕ್ಕೇ ಸುಮಾರು ಏಳೂವರೆ ಗಂಟೆ ಬೇಕು, ಕೊನೆಯಲ್ಲಿ ಕರೆಂಟು ಇಳಿಯುವುದರಿಂದ ಇನ್ನೂ ಹೊತ್ತು ಬೇಕು. ಬೆಸ್ಕಾಂ ಬೆಳಿಗ್ಗೆ ತೆಗೆದು ಸಂಜೆಗೆ ಮತ್ತೆ ತೆಗೆದರೆ, ಎರಡನೆಯ ಸಲ ಅತ್ತೆಗೆ ಮೂರೂವರೆ ಗಂಟೆ ಸಿಗುವುದಿಲ್ಲ.