ಡಾಲರ್ ಬೆಲೆಯನ್ನು ಒಂದು ಕಡೆ ಕಟ್ಟಿ ನಿಲ್ಲಿಸಲು ರಿಸರ್ವ್ ಬ್ಯಾಂಕಿಗೆ ಏಕೆ ಆಗುವುದಿಲ್ಲ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬೆಲ್ಲದ ವ್ಯಾಪಾರಿ. ಬ್ಯಾಂಕ್ ಸಾಲದಲ್ಲಿ ವ್ಯವಹಾರ ನಡೆಯುತ್ತದೆ. ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಸರ್ಕಾರ ಡಾಲರಿಗೆ 80 ರೂಪಾಯಿ ಎಂದು ಬೆಲೆ ಕಟ್ಟಿ, ಬಡ್ಡಿಯನ್ನೂ ಇಳಿಸಿ, ಹಣ ಕಳುಹಿಸಲು ಈಗಿರುವ ಮಿತಿಯನ್ನೂ ತೆಗೆದುಹಾಕಿದರೆ ನಮ್ಮಂಥವರಿಗೆ ಅನುಕೂಲವಲ್ಲವೇ?

ಉತ್ತರ: ತಾವು ಕೇಳಿರುವ ಮೂರೂ ಬೇರೆ ಬೇರೆಯಾಗಿ ನ್ಯಾಯವಾದ ಬೇಡಿಕೆಗಳೇ. ಆದರೆ ಮೂರನ್ನೂ ಒಟ್ಟಿಗೆ ಕೊಡಲು ಯಾವ ದೇಶಕ್ಕೂ ಸಾಧ್ಯವಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ‘ಅಸಾಧ್ಯ ತ್ರಿಕೂಟ’ ಎನ್ನುತ್ತಾರೆ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಮಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ ಮಾಡಿದ ಕೆಲಸ ಇದಕ್ಕೆ ಆಧಾರ. ಕಾರಣ ತಿಳಿಯಲು ತಮ್ಮ ಸಲಹೆಯನ್ನೇ ಜಾರಿಗೆ ತಂದು ನೋಡೋಣ.

ಡಾಲರಿಗೆ 80 ರೂಪಾಯಿ ಎಂದು ರಿಸರ್ವ್ ಬ್ಯಾಂಕ್ ಮಾತು ಕೊಟ್ಟಿದೆ, ಹಣ ಹೊರಗೆ ಹೋಗಲು ಯಾವ ತಡೆಯೂ ಇಲ್ಲ, ಅಮೆರಿಕದಲ್ಲಿ ಬಡ್ಡಿ ಶೇ 5 ಇರುವಾಗ ಇಲ್ಲಿ ಅದನ್ನು ಶೇ 3ಕ್ಕೆ ಇಳಿಸಲಾಗಿದೆ ಎಂದುಕೊಳ್ಳಿ. ಆಗ ಒಬ್ಬರು ಇಲ್ಲಿ 80 ಲಕ್ಷ ರೂಪಾಯಿ ಸಾಲ ಪಡೆದು, ಅದನ್ನು 1 ಲಕ್ಷ ಡಾಲರಿಗೆ ಬದಲಿಸಿ ಅಮೆರಿಕದಲ್ಲಿ ಇಟ್ಟರೆ, ವರ್ಷದ ಕೊನೆಗೆ ಅದು 1,05,000 ಡಾಲರ್ ಆಗುತ್ತದೆ. ಬೆಲೆ ಬದಲಾಗುವುದಿಲ್ಲವೆಂಬ ಭರವಸೆ ಇರುವುದರಿಂದ, ಅದು ವಾಪಸು ಬಂದಾಗ 84 ಲಕ್ಷ ರೂಪಾಯಿ. ಬಡ್ಡಿ ಸಮೇತ ಸಾಲ ತೀರಿಸಲು ಬೇಕಾದದ್ದು 82.4 ಲಕ್ಷ. ಉಳಿದ 1.6 ಲಕ್ಷ ಶ್ರಮವಿಲ್ಲದ ಲಾಭ, ನಷ್ಟದ ಭಯವೂ ಇಲ್ಲ. ಇಂಥ ಅವಕಾಶ ಕಂಡರೆ ದೊಡ್ಡ ಸಂಸ್ಥೆಗಳು ಕೋಟಿಗಟ್ಟಲೆ ಹಣದೊಂದಿಗೆ ಡಾಲರಿಗೆ ಮುಗಿಬೀಳುತ್ತವೆ.

ಕೊಟ್ಟ ಮಾತು ಉಳಿಸಿಕೊಳ್ಳಬೇಕಾದರೆ ರಿಸರ್ವ್ ಬ್ಯಾಂಕ್ ತನ್ನ ಮೀಸಲಿನಿಂದ ಕೇಳಿದಷ್ಟು ಡಾಲರ್ ಮಾರಬೇಕು. ಹೀಗೆ ಮಾರಿದಾಗ ಅದಕ್ಕೆ ಬರುವ ರೂಪಾಯಿ ಬ್ಯಾಂಕುಗಳ ಕೈಯಿಂದ ಹೊರಬಿದ್ದು ಚಲಾವಣೆಯಿಂದಲೇ ಮರೆಯಾಗುತ್ತದೆ, ಮತ್ತು ಹಣದ ಅಭಾವವಾದಂತೆ ಬಡ್ಡಿ ಮೇಲೇರುತ್ತದೆ. ಇಲ್ಲಿಯ ಬಡ್ಡಿ ಅಮೆರಿಕದ ಶೇ 5ರ ಹತ್ತಿರ ಬರುವವರೆಗೂ ಈ ಓಟ ನಿಲ್ಲುವುದಿಲ್ಲ. ಶೇ 3ರ ಬಡ್ಡಿಯನ್ನು ಕೆಡಿಸಿದ್ದು ಬೇರೆ ಯಾರೂ ಅಲ್ಲ, ರೂಪಾಯಿಯನ್ನು ಕಾಪಾಡಲು ರಿಸರ್ವ್ ಬ್ಯಾಂಕೇ ನಡೆಸಿದ ಮಾರಾಟ. ಬಾಂಡ್‌ಗಳನ್ನು ಕೊಂಡು ಆ ರೂಪಾಯಿಯನ್ನು ಬ್ಯಾಂಕುಗಳಿಗೆ ಮರಳಿಸಬಹುದಲ್ಲ ಎಂದು ಕೇಳಬಹುದು. ಮರಳಿಸಬಹುದು, ಆದರೆ ಬಡ್ಡಿ ಕೆಳಗೇ ಉಳಿಯುವುದರಿಂದ ಅದೇ ರೂಪಾಯಿ ಮತ್ತೆ ಡಾಲರ್ ಕೊಳ್ಳಲು ಬರುತ್ತದೆ. ರೂಪಾಯಿ ನೋಟನ್ನು ಪಕ್ಕದ ಮೈಸೂರಿನಲ್ಲೇ ಮುದ್ರಿಸುತ್ತಾರೆ, ಡಾಲರನ್ನು ಮುದ್ರಿಸಲು ನಮಗೆ ಬರುವುದಿಲ್ಲ. ಮೀಸಲು ಎಷ್ಟೇ ದೊಡ್ಡದಿರಲಿ, ಅದು ಕರಗುತ್ತಿರುವುದು ಕಂಡ ಕೂಡಲೇ ಮಾತು ಮುರಿಯುವ ಮೊದಲೇ ಡಾಲರ್ ಕೊಂಡುಬಿಡೋಣವೆಂದು ಉಳಿದವರೂ ಸೇರಿಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಡಾಲರಿಗೆ ಇಂಥ ನಿಗದಿತ ಬೆಲೆ ಇಲ್ಲವಾದರೂ, 2013ರಲ್ಲಿ ಈ ಎಳೆದಾಟದ ಒಂದು ಅಂಶ ಕಾಣಿಸಿತು. ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದೆಂದು ಅಮೆರಿಕದ ಕೇಂದ್ರ ಬ್ಯಾಂಕ್ ಆ ಮೇ ತಿಂಗಳಲ್ಲಿ ಸೂಚಿಸಿದ ಮೇಲೆ ವಿದೇಶಿ ಹೂಡಿಕೆದಾರರು ಹಣ ಹಿಂತೆಗೆದರು. ಮೇ ಆರಂಭದಲ್ಲಿ ಸುಮಾರು 54 ರೂಪಾಯಿ ಇದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆಗ ದೇಶದ ಆರ್ಥಿಕ ಬೆಳವಣಿಗೆ ಕುಂಟುತ್ತಿತ್ತು. ಒಳಗಿನ ವ್ಯಾಪಾರವನ್ನಷ್ಟೇ ನೋಡಿದ್ದರೆ ಬಡ್ಡಿ ಏರಿಸುವ ಸಮಯ ಅದಾಗಿರಲಿಲ್ಲ. ಆದರೂ ಜುಲೈ ಮಧ್ಯದಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕುಗಳು ತುರ್ತಾಗಿ ತನ್ನಿಂದ ಪಡೆಯುವ ಸಾಲದ ಬಡ್ಡಿಯನ್ನು ಶೇ 8.25ರಿಂದ ಶೇ 10.25ಕ್ಕೆ ಏರಿಸಿತು. ಆಗಸ್ಟ್‌ನಲ್ಲಿ, ಒಬ್ಬ ವ್ಯಕ್ತಿ ವರ್ಷಕ್ಕೆ ಹೊರದೇಶಕ್ಕೆ ಕಳುಹಿಸಬಹುದಾದ ಮೊತ್ತವನ್ನು 2 ಲಕ್ಷ ಡಾಲರಿನಿಂದ 75,000ಕ್ಕೆ ತಗ್ಗಿಸಿತು. ರೂಪಾಯಿಯ ಕುಸಿತವನ್ನು ತಡೆಯಲು ಹೊರಟಾಗ ಬಡ್ಡಿಯ ಸ್ವಾತಂತ್ರ್ಯವೂ ಹಣ ಕಳುಹಿಸುವ ಸ್ವಾತಂತ್ರ್ಯವೂ ಒಂದಿಷ್ಟು ಸೊರಗಬೇಕಾಯಿತು. ಇಷ್ಟಾಗಿಯೂ ರೂಪಾಯಿ ಸಾಕಷ್ಟು ಕುಸಿಯಿತು.

ಬೇರೆ ದೇಶಗಳು ಒಂದನ್ನು ಸ್ಪಷ್ಟವಾಗಿಯೇ ಬಿಟ್ಟುಕೊಟ್ಟಿವೆ. ಹಾಂಗ್‌ಕಾಂಗ್ 1983ರಿಂದ ತನ್ನ ಹಣವನ್ನು ಡಾಲರಿಗೆ ಕಟ್ಟಿದೆ, ಬಂಡವಾಳಕ್ಕೂ ಬಾಗಿಲು ತೆರೆದಿದೆ. ಹಾಗಾಗಿ ಅಲ್ಲಿಯ ಬಡ್ಡಿ ಅಮೆರಿಕದ ಬಡ್ಡಿಯನ್ನೇ ಹಿಂಬಾಲಿಸುತ್ತದೆ. ಅಮೆರಿಕವಾದರೋ ಡಾಲರ್ ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟಿದೆ. ಭಾರತದ ದಾರಿ ಇವೆರಡರ ನಡುವಿನದು: ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ ಇಡಲು ಬಡ್ಡಿ ನಿಗದಿ, ಬಂಡವಾಳದ ಮೇಲೆ ಕೆಲವು ಮಿತಿಗಳು, ರೂಪಾಯಿಗೆ ಮಾರುಕಟ್ಟೆಯ ಬೆಲೆ, ಅದು ತೀರಾ ಹೊಯ್ದಾಡಿದಾಗ ಮಾತ್ರ ರಿಸರ್ವ್ ಬ್ಯಾಂಕಿನ ಮಧ್ಯಪ್ರವೇಶ. ಇದರಿಂದ ಹೊರೆ ಮೂರು ಕಡೆಗೂ ಹಂಚಿಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ನಮ್ಮಷ್ಟು ದೊಡ್ಡ ದೇಶಕ್ಕೆ ಇದು ವಿವೇಕದ ಆಯ್ಕೆಯೇ.

ಮುಂದೆ ರೂಪಾಯಿಯ ಮೇಲೆ ಒತ್ತಡ ಬಂದಾಗ ತಾವು ಡಾಲರ್ ಬೆಲೆಯೊಂದನ್ನೇ ನೋಡಬೇಡಿ. ರಿಸರ್ವ್ ಬ್ಯಾಂಕ್ ವಾರಕ್ಕೊಮ್ಮೆ ವಿದೇಶಿ ವಿನಿಮಯ ಮೀಸಲಿನ ಲೆಕ್ಕ ಪ್ರಕಟಿಸುತ್ತದೆ. ಡಾಲರ್ ಬೆಲೆ ಕದಲದೆ ಮೀಸಲು ಮಾತ್ರ ವಾರ ವಾರವೂ ಇಳಿಯುತ್ತಿದ್ದರೆ, ರೂಪಾಯಿಯನ್ನು ಎತ್ತಿ ಹಿಡಿಯಲು ಡಾಲರ್ ಮಾರುತ್ತಿರುವ ಸಾಧ್ಯತೆ ಹೆಚ್ಚು. ಅದು ಬಹಳ ಕಾಲ ಮುಂದುವರಿದರೆ ತಮ್ಮ ಸಾಲದ ಬಡ್ಡಿಯಾದರೂ ಏರಬೇಕು, ಮಗಳಿಗೆ ಹಣ ಕಳುಹಿಸುವ ನಿಯಮವಾದರೂ ಬಿಗಿಯಾಗಬೇಕು. ಎರಡೂ ಆಗದಿದ್ದರೆ ಡಾಲರ್ ಬೆಲೆಯೇ ಏರಬೇಕಾಗುತ್ತದೆ.