ಡಯಾಲಿಸಿಸ್ ರೋಗಿಯ ಹಲ್ಲು ಯಾವ ದಿನ ಕೀಳಬೇಕು?

ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬರಿಗೆ ಕೆಳಗಿನ ದವಡೆ ಹಲ್ಲು ಕೀಳಬೇಕಾಗಿದೆ ಅಂದುಕೊಳ್ಳಿ. ಒಸಡು ಊದಿಕೊಂಡು ಕೀವೂ ಇದೆ. "ಡಾಕ್ಟ್ರೇ, ಡಯಾಲಿಸಿಸ್ ಮುಗಿಸಿ ಸಂಜೆ ಹಾಗೇ ಬಂದುಬಿಡ್ಲಾ?" ಅಂತ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ.

ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿಯಲು ಸಾಮಾನ್ಯವಾಗಿ 4ರಿಂದ 6 ಗಂಟೆ ಬೇಕು. ಹಾಗಾಗಿ ಮರುದಿನ ಬೆಳಿಗ್ಗೆ ಒಳ್ಳೆಯ ಹೊತ್ತು. ಆಗ ಹೆಪಾರಿನ್ ಹೋಗಿರುತ್ತದೆ, ರಕ್ತದಲ್ಲಿ ಕಶ್ಮಲವೂ ಕಡಿಮೆ ಇರುತ್ತದೆ. ಇದು ಮುಖ್ಯ, ಯಾಕಂದರೆ ಆ ಕಶ್ಮಲ ಹೆಚ್ಚಾದಷ್ಟೂ ಪ್ಲೇಟ್‌ಲೆಟ್‌ಗಳು ಸರಿಯಾಗಿ ಅಂಟಿಕೊಳ್ಳುವುದಿಲ್ಲ. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿಯೇ ಇರಬಹುದು, ರಕ್ತ ಮಾತ್ರ ಜಿನುಗುತ್ತಲೇ ಇರುತ್ತದೆ. ಬರೀ ಸಂಖ್ಯೆ ನೋಡಿ ಧೈರ್ಯ ತಂದುಕೊಳ್ಳಬಾರದು.

ಹಾಗಾದರೆ ಮಂಗಳವಾರ ಸಾಕಲ್ವಾ? ತುರ್ತಿದ್ದರೆ ಸರಿ. ಆದರೆ ಬುಧವಾರ ಮತ್ತೆ ಹೆಪಾರಿನ್ ಹೋಗುತ್ತದೆ, ಆಗಿನ್ನೂ ಗಾಯ ಹಸಿ. ಕಾಯಬಹುದಾದರೆ ನಾನು ಶನಿವಾರ ಬೆಳಿಗ್ಗೆ ಆರಿಸಿಕೊಳ್ಳುತ್ತೇನೆ. ಭಾನುವಾರ ಪೂರ್ತಿ ಬಿಡುವು ಸಿಗುತ್ತದೆ. ಜೊತೆಗೆ ಡಯಾಲಿಸಿಸ್ ಘಟಕಕ್ಕೆ ಒಂದು ಚೀಟಿ ಬರೆಯುತ್ತೇನೆ: ಹಲ್ಲು ಕಿತ್ತಿದೆ, ಸೋಮವಾರ ಹೆಪಾರಿನ್ ಇಲ್ಲದೆ ಅಥವಾ ಕಡಿಮೆ ಕೊಟ್ಟು ಮಾಡಲಾಗುತ್ತದೆಯೇ ನೋಡಿ. ಈ ಚೀಟಿಯನ್ನು ಮರೆಯುವವರೇ ಜಾಸ್ತಿ.

ಕುರ್ಚಿಯಲ್ಲಿ ಕೂತಾಗ, ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಇರುವ ಕೈಗೆ ಬಿಪಿ ಪಟ್ಟಿ ಸುತ್ತುವುದಿಲ್ಲ. ಮರಗಟ್ಟಿಸುವ ಲಿಗ್ನೋಕೇನ್ ಕರಗುವುದು ಯಕೃತ್ತಿನಲ್ಲಿ, ಅದಕ್ಕೆ ಕಿಡ್ನಿಯ ಲೆಕ್ಕ ಬೇಕಿಲ್ಲ. ಹಲ್ಲು ಬಂದ ಮೇಲೆ ಗುಳಿಯೊಳಗೆ ಜೆಲಟಿನ್ ಸ್ಪಂಜ್ ಇಟ್ಟು ಹೊಲಿಗೆ ಹಾಕುತ್ತೇನೆ. ರಕ್ತ ನಿಲ್ಲಿಸಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ನೆನೆಸಿದ ಗಾಜ್ ಕಚ್ಚಿಸಿ, ಅರ್ಧ ಗಂಟೆ ಕೂರಿಸಿಕೊಂಡು ನೋಡುತ್ತೇನೆ. ಅದೇ ಔಷಧ ಮಾತ್ರೆಯಾದರೆ ಕಿಡ್ನಿಯಿಂದಲೇ ಹೊರಹೋಗಬೇಕು, ಹಾಗಾಗಿ ಸುಮ್ನೆ ಬರೆದುಕೊಡುವಂತಿಲ್ಲ.

ಔಷಧಿ ಚೀಟಿಯಲ್ಲಿ ಎಡವುವುದು ಇಲ್ಲೇ. ಕೀವು ಇದೆ ಅಂತ ಅಮಾಕ್ಸಿಸಿಲಿನ್ ಬೇಕಾದರೆ, ಎಲ್ಲರಿಗೂ ಕೊಡುವ ಹಾಗೆ 500 ಮಿ.ಗ್ರಾಂ ದಿನಕ್ಕೆ ಮೂರು ಸಲ ಬರೆಯುವುದಿಲ್ಲ. ಹೀಮೋಡಯಾಲಿಸಿಸ್‌ನಲ್ಲಿರುವವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ ಸಾಕು. ಡಯಾಲಿಸಿಸ್ ದಿನ ಅದು ಮುಗಿದ ಮೇಲೆಯೇ ನುಂಗಬೇಕು. ಮೊದಲೇ ನುಂಗಿದರೆ ಯಂತ್ರ ಅದನ್ನು ತೊಳೆದು ಹಾಕುತ್ತದೆ. ಇನ್ನೂ ಡಯಾಲಿಸಿಸ್ ಬೇಕಾಗದ ಕಿಡ್ನಿ ರೋಗಿಗಳಿಗೆ ಅವರ ಕಿಡ್ನಿ ಸೋಸುವ ವೇಗ, ಅಂದರೆ ಜಿಎಫ್‌ಆರ್ ನೋಡಿ, ಅಗತ್ಯವಿದ್ದರೆ ಅಂತರ ಹೆಚ್ಚಿಸಬೇಕು. ನೋವಿಗೆ ಪ್ಯಾರಾಸಿಟಮಾಲ್. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ: ಉಳಿದಿರುವ ಅಷ್ಟಿಷ್ಟು ಕಿಡ್ನಿಗೂ ಪೆಟ್ಟು, ಪ್ಲೇಟ್‌ಲೆಟ್‌ಗೂ ಪೆಟ್ಟು. ಮನೆಯಲ್ಲಿ ಹಳೆಯ ಮಾತ್ರೆ ಇದೆಯಾ ಅಂತ ಕೇಳುವುದು ವಾಸಿ, ನೋವು ಬಂದರೆ ಕೈ ಅತ್ತಲೇ ಹೋಗುತ್ತದೆ.

ಮನೆಗೆ ಹೋದ ಮೇಲೆ ಉಗುಳಿನಲ್ಲಿ ಸ್ವಲ್ಪ ಕೆಂಪು ಕಂಡರೆ ಗಾಬರಿ ಬೇಡ. ಬಾಯಿ ಮುಕ್ಕಳಿಸದೆ ಗಾಜ್ ಗಟ್ಟಿಯಾಗಿ ಕಚ್ಚಿ 30 ನಿಮಿಷ ಕೂರಬೇಕು. ಆಮೇಲೂ ಬಾಯಿ ತುಂಬಿ ಬರುತ್ತಿದ್ದರೆ ರಾತ್ರಿಯಾದರೂ ಬರಬೇಕು. ಹಾಗೆ ನಿಲ್ಲದಿದ್ದಾಗ, ಪ್ಲೇಟ್‌ಲೆಟ್ ಅಂಟಿಕೊಳ್ಳಲು ನೆರವಾಗುವ ಡೆಸ್ಮೊಪ್ರೆಸಿನ್ ಕೊಡಬೇಕೋ ಬೇಡವೋ ಅನ್ನುವುದನ್ನು ಕಿಡ್ನಿ ತಜ್ಞರ ಜೊತೆ ಮಾತಾಡಿಯೇ ತೀರ್ಮಾನಿಸುತ್ತೇವೆ.